ಎಲ್‌ಡಿಎಚ್ ಇಳಿಯಿತು, ಹಿಮೋಗ್ಲೋಬಿನ್ ಏರಲಿಲ್ಲ: ಒಂದು ಪಿಎನ್‌ಎಚ್ ಪ್ರಕರಣ

ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನ್ಯೂರಿಯಾ, ಅಂದರೆ ಪಿಎನ್‌ಎಚ್ ಬಗ್ಗೆ ಎಲ್ಲಿ ಓದಿದರೂ ಒಂದು ವಾಕ್ಯ ಸಿಕ್ಕೇ ಸಿಗುತ್ತದೆ. ಕೆಂಪು ರಕ್ತಕಣದ ಮೇಲೆ ಸಿಡಿ55, ಸಿಡಿ59 ಎಂಬ ಎರಡು ಪ್ರೋಟೀನ್‌ಗಳು ಇರುವುದಿಲ್ಲ, ಅದಕ್ಕೇ ಬ್ಯಾಕ್ಟೀರಿಯಾ ಕೊಲ್ಲಬೇಕಾದ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನ್ ಸರಣಿ ಅದನ್ನು ಒಡೆದು ಹಾಕುತ್ತದೆ ಅಂತ. ತಪ್ಪೇನಿಲ್ಲ. ಆದರೆ ಎರಡನ್ನೂ ಜೋಡಿ ಹೆಸರಿನ ಹಾಗೆ ಒಟ್ಟಿಗೆ ಹೇಳಿ ಹೇಳಿ, ಎರಡರ ಕೆಲಸವೂ ಒಂದೇ ಎಂಬ ಭಾವನೆ ಬಂದುಬಿಟ್ಟಿದೆ. ಹಾಗಿಲ್ಲ. ಸಿಡಿ59 ಇಲ್ಲದಿದ್ದಾಗ ಕಣ ಸಾಯುವ ರೀತಿಯೇ ಬೇರೆ, ಸಿಡಿ55 ಇಲ್ಲದಿದ್ದಾಗ ಸಾಯುವ ರೀತಿಯೇ ಬೇರೆ. ಮೊದಲನೆಯದಕ್ಕೆ ಔಷಧ ಕೊಟ್ಟ ಮೇಲೆಯೇ ಎರಡನೆಯದು ಹೊರಗೆ ಬರುತ್ತದೆ. ಈ ಪ್ರಕರಣದಲ್ಲಿ ಆದದ್ದು ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಫೈಲ್ ಅಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಸಾಗುವ ದಾರಿಯನ್ನು ಇಟ್ಟುಕೊಂಡು, ಅಂಕಿಗಳು ಒಂದಕ್ಕೊಂದು ತಾಳೆಯಾಗುವ ಹಾಗೆ ಜೋಡಿಸಿದ ಪ್ರಕರಣ.

ರೋಗಿ 34 ವರ್ಷದ ಮಹಿಳೆ. ಎಂಟು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆಗಾಗ ಹೊಟ್ಟೆ ಹಿಡಿದುಕೊಂಡಂತೆ ನೋವು, ಕೆಲವು ದಿನ ಊಟ ಗಂಟಲಲ್ಲೇ ನಿಂತಂತೆ. ಮೂತ್ರದ ಬಣ್ಣ ಕೆಲವು ಬೆಳಗ್ಗೆ ಕಪ್ಪು ಚಹಾದ ಹಾಗೆ, ಮಧ್ಯಾಹ್ನದ ಹೊತ್ತಿಗೆ ತಿಳಿ. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ರಕ್ತ ಮೂರು ಪ್ಲಸ್ ಬಂದಿದ್ದರಿಂದ ಮೊದಲು ಮೂತ್ರದ ಸೋಂಕು ಅಂತ ಆ್ಯಂಟಿಬಯಾಟಿಕ್ ಕೊಟ್ಟರು. ಆಮೇಲೆ ಕಿಡ್ನಿ ಕಲ್ಲು ಇರಬಹುದು ಅಂತ ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ರಕ್ತ ಕಡಿಮೆ ಇದೆ, ಕಬ್ಬಿಣದ ಅಂಶವೂ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಶುರುವಾಯಿತು. ಮಾತ್ರೆ ಶುರುಮಾಡಿದ ಎರಡನೇ ವಾರ ಮೂತ್ರ ಇನ್ನೂ ಕಪ್ಪಾಯಿತು. ಆಕೆಗೆ ಮಾತ್ರೆಯ ಮೇಲೆಯೇ ಅನುಮಾನ ಬಂದು ನಿಲ್ಲಿಸಿಬಿಟ್ಟರು. ಆ ಅನುಮಾನ ಅರ್ಧ ಸರಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಹಿಮೋಗ್ಲೋಬಿನ್ ಆರರ ಹತ್ತಿರ ಇಳಿದಾಗ ಎರಡು ಯೂನಿಟ್ ರಕ್ತ ಕೊಡಿಸಿಕೊಂಡು, ಅದಾಗಿ ಮೂರು ವಾರಕ್ಕೆ ರಕ್ತರೋಗ ವಿಭಾಗಕ್ಕೆ ಬಂದರು.

ಸೆಂಟ್ರಿಫ್ಯೂಜ್ ಹೇಳಿದ್ದು

ಇಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಪರೀಕ್ಷೆ ಅಂದರೆ ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿ ನೋಡುವುದು. ಮೂತ್ರದಲ್ಲಿ ಬಂದಿರುವುದು ಇಡೀ ರಕ್ತಕಣಗಳಾದರೆ ಅವು ಟ್ಯೂಬಿನ ತಳದಲ್ಲಿ ಕೆಂಪು ಚುಕ್ಕೆಯಾಗಿ ಕೂರುತ್ತವೆ, ಮೇಲಿನ ನೀರು ತಿಳಿಯಾಗುತ್ತದೆ. ಆಕೆಯ ಟ್ಯೂಬಿನಲ್ಲಿ ತಳದಲ್ಲಿ ಏನೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೂ ಒಂದೇ ಕೆಂಪು ಮಿಶ್ರಿತ ಕಂದು ಬಣ್ಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣ ಒಂದೋ ಎರಡೋ. ಪಟ್ಟಿ ಮಾತ್ರ ಮೂರು ಪ್ಲಸ್ ತೋರಿಸುತ್ತಲೇ ಇದೆ. ಯಾಕೆಂದರೆ ಪಟ್ಟಿಗೆ ರಕ್ತಕಣ ಬೇಕಿಲ್ಲ, ಹಿಮೋಗ್ಲೋಬಿನ್ ಸಿಕ್ಕರೆ ಸಾಕು.

ಇಷ್ಟಾದರೂ ಇನ್ನೊಂದು ಸಾಧ್ಯತೆ ಉಳಿಯುತ್ತದೆ. ಸ್ನಾಯು ಹಾಳಾದಾಗ ಬರುವ ಮಯೋಗ್ಲೋಬಿನ್ ಕೂಡ ಪಟ್ಟಿಯನ್ನು ಇದೇ ಥರ ಮೋಸಗೊಳಿಸುತ್ತದೆ. ಅದಕ್ಕೆ ರಕ್ತದ ಸ್ಯಾಂಪಲ್ಲನ್ನೂ ತಿರುಗಿಸಬೇಕು. ಮಯೋಗ್ಲೋಬಿನ್ ಚಿಕ್ಕದು, ಕಿಡ್ನಿ ಅದನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ಪ್ಲಾಸ್ಮಾ ತಿಳಿ ಹಳದಿಯಾಗಿಯೇ ಇರುತ್ತದೆ. ಆಕೆಯ ಪ್ಲಾಸ್ಮಾ ಗುಲಾಬಿ ಬಣ್ಣದಲ್ಲಿತ್ತು. ಕಣ ಒಡೆಯುತ್ತಿರುವುದು ರಕ್ತನಾಳದ ಒಳಗೇ ಅನ್ನುವುದು ಅಲ್ಲಿಗೆ ಗೊತ್ತಾಯಿತು.

ಉಳಿದ ಅಂಕಿಗಳು ಅದಕ್ಕೆ ಹೊಂದಿಕೊಂಡೇ ಬಂದವು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 7.4 ಗ್ರಾಂ. ಕಣ ಒಡೆದಾಗ ರಕ್ತಕ್ಕೆ ಸುರಿಯುವ ಎಲ್‌ಡಿಎಚ್ ಎಂಬ ಕಿಣ್ವ 2,150, ಆ ಲ್ಯಾಬಿನಲ್ಲಿ 250ರ ಒಳಗಿರಬೇಕಾದದ್ದು. ಹ್ಯಾಪ್ಟೋಗ್ಲೋಬಿನ್ ಅಳತೆಗೇ ಸಿಗಲಿಲ್ಲ. ಬಿಡುಗಡೆಯಾದ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು ಹೋಗುವ ಪ್ರೋಟೀನ್ ಅದು, ಪೂರ್ತಿ ಖರ್ಚಾಗಿಹೋಗಿತ್ತು. ರೆಟಿಕ್ಯುಲೋಸೈಟ್, ಅಂದರೆ ಹೊಸದಾಗಿ ಹುಟ್ಟಿದ ಕೆಂಪು ಕಣಗಳು, ಮೈಕ್ರೋಲೀಟರಿಗೆ 1,90,000. ಒಂದು ಲಕ್ಷದ ಒಳಗಿರುವುದು ಸಾಮಾನ್ಯ, ಅಂದರೆ ಕಣಗಳನ್ನು ತಯಾರಿಸುವ ಮೂಳೆ ಮಜ್ಜೆ ಕಷ್ಟಪಟ್ಟು ದುಡಿಯುತ್ತಿದೆ. ಪ್ಲೇಟ್‌ಲೆಟ್ 98,000, ಬಿಳಿ ಕಣ 3,100, ಎರಡೂ ಸ್ವಲ್ಪ ಕಡಿಮೆ. ದೇಹದಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಅಂತ ತೋರಿಸುವ ಫೆರಿಟಿನ್ 6, ಅಂದರೆ ತೀರಾ ಕಡಿಮೆ. ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿದೆಯಾ ಅಂತ ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್.

ಫೆರಿಟಿನ್ 6 ಅನ್ನುವುದನ್ನು ಸುಮ್ನೆ ದಾಟಿ ಹೋಗಬಾರದು. ಕಣ ಗುಲ್ಮದಲ್ಲೋ ಲಿವರಿನಲ್ಲೋ ಒಡೆದರೆ ಅದರ ಕಬ್ಬಿಣ ದೇಹದಲ್ಲೇ ಉಳಿಯುತ್ತದೆ, ಮತ್ತೆ ಬಳಕೆಯಾಗುತ್ತದೆ. ರಕ್ತನಾಳದ ಒಳಗೇ ಒಡೆದರೆ ಹಿಮೋಗ್ಲೋಬಿನ್ ಕಿಡ್ನಿಯಲ್ಲಿ ಸೋರಿ, ಅದರ ಜೊತೆಗೆ ಕಬ್ಬಿಣವೂ ದಿನಾ ಮೂತ್ರದಲ್ಲಿ ಹೋಗುತ್ತದೆ. ಕಣ ಒಡೆಯುವ ಕಾಯಿಲೆಯೂ ಇದೆ, ಕಬ್ಬಿಣದ ಕೊರತೆಯೂ ಇದೆ ಅಂದರೆ ಪಿಎನ್‌ಎಚ್ ನೆನಪಾಗಲೇಬೇಕು. ಮೂತ್ರದ ಗಷ್ಟನ್ನು ಕಬ್ಬಿಣಕ್ಕೆ ನೀಲಿಯಾಗುವ ಬಣ್ಣದಲ್ಲಿ ಅದ್ದಿ ನೋಡಿದಾಗ ಕಿಡ್ನಿಯಿಂದ ಉದುರಿದ ಕೋಶಗಳಲ್ಲಿ ನೀಲಿ ಹರಳುಗಳು ಕಂಡವು. ಮೂತ್ರ ತಿಳಿಯಾಗಿದ್ದ ದಿನವೂ ಕಂಡವು. ಅಂದರೆ ಕಣ ಒಡೆಯುವುದು ರಾತ್ರಿ ಮಾತ್ರ ಅಲ್ಲ, ದಿನವಿಡೀ ನಡೆಯುತ್ತಿದೆ. ರಾತ್ರಿಯೆಲ್ಲ ನೀರು ಕುಡಿಯದೆ ಮೂತ್ರ ಗಟ್ಟಿಯಾಗುವುದರಿಂದ ಬೆಳಗ್ಗೆ ಬಣ್ಣ ಎದ್ದು ಕಾಣುತ್ತದೆ, ಅಷ್ಟೇ.

ಇನ್ನು ಕಬ್ಬಿಣದ ಮಾತ್ರೆಯ ವಿಷಯ. ಕಬ್ಬಿಣ ಸಿಗದೆ ಮಜ್ಜೆಯ ಕೆಲಸ ನಿಧಾನವಾಗಿತ್ತು. ಮಾತ್ರೆ ಸಿಕ್ಕಿದ್ದೇ ತಡ, ಹೊಸ ಕಣಗಳ ಒಂದು ದೊಡ್ಡ ಗುಂಪು ಹೊರಬಂತು. ಅವುಗಳಲ್ಲಿ ಹೆಚ್ಚಿನವು ರಕ್ಷಣೆ ಇಲ್ಲದ ಕಣಗಳೇ, ಬಂದ ಹಾಗೆ ಒಡೆದವು, ಮೂತ್ರ ಕಪ್ಪಾಯಿತು. ಮಾತ್ರೆ ವಿಷವಾಗಿರಲಿಲ್ಲ. ಒಡೆಯಲು ಇನ್ನಷ್ಟು ಕಣಗಳನ್ನು ಒದಗಿಸಿತ್ತು.

ಮೊಳೆಯೇ ಇಲ್ಲದ ಗೋಡೆ

ಮುಂದಿನ ಹೆಜ್ಜೆ ಫ್ಲೋ ಸೈಟೋಮೆಟ್ರಿ. ಬಣ್ಣ ಬೀರುವ ಗುರುತುಗಳನ್ನು ರಕ್ತಕ್ಕೆ ಸೇರಿಸಿ, ಒಂದೊಂದೇ ಕಣವನ್ನು ಲೇಸರ್ ಮುಂದೆ ಹಾಯಿಸಿ, ಯಾವುದರ ಮೇಲೆ ಗುರುತು ಕೂತಿದೆ, ಯಾವುದರ ಮೇಲೆ ಕೂತಿಲ್ಲ ಅಂತ ಎಣಿಸುವ ಪರೀಕ್ಷೆ. ಇದಕ್ಕೆ ಮಜ್ಜೆ ಬೇಡ, ತೋಳಿನಿಂದ ತೆಗೆದ ರಕ್ತವೇ ಬೇಕು.

ಫಲಿತಾಂಶ ನೋಡುವ ಮೊದಲು ಏನು ಹುಡುಕುತ್ತಿದ್ದೇವೆ ಅಂತ ತಿಳಿದಿರಬೇಕು. ಕೋಶದ ಹೊರಗೋಡೆಗೆ ಕೆಲವು ಪ್ರೋಟೀನ್‌ಗಳು ನೇರವಾಗಿ ತೂರಿಕೊಂಡು ಕೂರುತ್ತವೆ. ಇನ್ನು ಕೆಲವು ಜಿಪಿಐ ಎಂಬ ಕೊಬ್ಬು-ಸಕ್ಕರೆಯ ಕೊಂಡಿಯ ಮೂಲಕ ನೇತಾಡುತ್ತವೆ. ಸಿಡಿ55, ಸಿಡಿ59 ಎರಡೂ ಈ ನೇತಾಡುವ ಗುಂಪಿನವು. ಆ ಕೊಂಡಿ ಕಟ್ಟುವ ಮೊದಲ ಹೆಜ್ಜೆಗೆ ಪಿಐಜಿ-ಎ ಎಂಬ ಜೀನ್ ಬೇಕು. ಮಜ್ಜೆಯ ಒಂದು ಕಾಂಡಕೋಶದಲ್ಲಿ ಈ ಜೀನ್ ಕೆಟ್ಟರೆ ಅದರ ಸಂತತಿಯಲ್ಲಿ ಕೊಂಡಿ ತಯಾರಾಗುವುದಿಲ್ಲ. ಸಿಡಿ55, ಸಿಡಿ59 ಪ್ರೋಟೀನ್‌ಗಳ ಜೀನ್‌ಗಳು ಸರಿಯಾಗಿಯೇ ಇರುತ್ತವೆ, ಪ್ರೋಟೀನೂ ತಯಾರಾಗುತ್ತದೆ. ಆದರೆ ಗೋಡೆಗೆ ಮೊಳೆಯೇ ಹೊಡೆಯದಿದ್ದರೆ ಕ್ಯಾಲೆಂಡರ್ ಎಷ್ಟಿದ್ದರೇನು, ನೇತುಹಾಕುವುದೆಲ್ಲಿ? 1993ರಲ್ಲಿ ಜಪಾನಿನ ತಾರೋ ಕಿನೋಶಿತಾ ಅವರ ತಂಡ ಈ ಜೀನನ್ನು ಗುರುತಿಸಿತು.

ಈ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಸರಲ್ಲಿ ಎಕ್ಸ್ ಒಂದೇ, ಹೆಂಗಸರ ಕೋಶದಲ್ಲಿ ಎರಡಿದ್ದರೂ ಕೆಲಸ ಮಾಡುವುದು ಒಂದೇ. ಹಾಗಾಗಿ ಒಂದು ಏಟು ಬಿದ್ದರೆ ಸಾಕು. ಕೊಂಡಿ ಕಟ್ಟಲು ಇನ್ನೂ ಹಲವು ಜೀನ್‌ಗಳು ಬೇಕು, ಆದರೆ ಅವು ಬೇರೆ ಕ್ರೋಮೋಸೋಮ್‌ಗಳಲ್ಲಿ ಜೋಡಿಯಾಗಿರುವುದರಿಂದ ಎರಡೂ ಪ್ರತಿ ಕೆಡಬೇಕಾಗುತ್ತದೆ. ಪಿಎನ್‌ಎಚ್‌ನಲ್ಲಿ ಬಹುಪಾಲು ಇದೊಂದೇ ಜೀನ್ ಕೆಟ್ಟಿರುವುದಕ್ಕೆ ಕಾರಣ ಇದೇ. ಇದು ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಆಕೆ ಮೊದಲು ಕೇಳಿದ ಪ್ರಶ್ನೆಯೇ "ನನ್ನ ಮಗಳಿಗೂ ಬರುತ್ತಾ ಡಾಕ್ಟ್ರೇ?" ಅಂತ. ಇಲ್ಲ.

ಆರೋಗ್ಯವಂತರ ಮಜ್ಜೆಯಲ್ಲೂ ಇಂಥ ಕೆಟ್ಟ ಕೋಶ ಅಲ್ಲೊಂದು ಇಲ್ಲೊಂದು ಇರುತ್ತದೆ, ಏನೂ ಆಗುವುದಿಲ್ಲ. ಅದು ಬೆಳೆದು ಮಜ್ಜೆಯನ್ನೇ ಆಕ್ರಮಿಸಬೇಕಾದರೆ ಅಕ್ಕಪಕ್ಕದ ಒಳ್ಳೆಯ ಕೋಶಗಳಿಗೆ ಏನೋ ತೊಂದರೆಯಾಗಿರಬೇಕು. ರೋಗನಿರೋಧಕ ಟಿ ಕೋಶಗಳು ಮಜ್ಜೆಯ ಮೇಲೆ ದಾಳಿ ಮಾಡುವಾಗ ಕೊಂಡಿಯಿಲ್ಲದ ಕೋಶಗಳು ಹೇಗೋ ತಪ್ಪಿಸಿಕೊಳ್ಳುತ್ತವೆ ಅನ್ನುವುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಮಜ್ಜೆಯೇ ಬರಿದಾಗುವ ಅಪ್ಲಾಸ್ಟಿಕ್ ಅನೀಮಿಯಾ ಮತ್ತು ಪಿಎನ್‌ಎಚ್ ಆಗಾಗ ಜೊತೆಜೊತೆಯಾಗಿ ಕಾಣುವುದೂ ಅದಕ್ಕೇ. ಆಕೆಯ ಪ್ಲೇಟ್‌ಲೆಟ್, ಬಿಳಿ ಕಣ ಸ್ವಲ್ಪ ಕಡಿಮೆ ಇದ್ದದ್ದು ಆ ಕಡೆ ಬೆರಳು ತೋರಿಸುತ್ತಿತ್ತು, ಆದರೆ ಮಜ್ಜೆಯ ಪರೀಕ್ಷೆಯಲ್ಲಿ ಕೋಶಗಳು ತುಂಬಿಕೊಂಡೇ ಇದ್ದವು.

ಫ್ಲೋ ಸೈಟೋಮೆಟ್ರಿ ಫಲಿತಾಂಶ ಹೀಗಿತ್ತು. ಬಿಳಿ ಕಣಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳಲ್ಲಿ ಕೊಂಡಿ ಇಲ್ಲದವು 88 ಶೇಕಡಾ. ಕೆಂಪು ಕಣಗಳಲ್ಲಿ ಸಿಡಿ59 ಪೂರ್ತಿ ಇಲ್ಲದವು 31 ಶೇಕಡಾ, ಅರೆಬರೆ ಇರುವವು 6 ಶೇಕಡಾ.

ಒಂದೇ ಮಜ್ಜೆ, ಒಂದೇ ಕೆಟ್ಟ ಕಾಂಡಕೋಶ. ಹಾಗಿದ್ದ ಮೇಲೆ 88 ಎಲ್ಲಿ, 31 ಎಲ್ಲಿ? ನ್ಯೂಟ್ರೋಫಿಲ್‌ಗಳು ಕಾಂಪ್ಲಿಮೆಂಟಿಗೆ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ, ಹಾಗಾಗಿ ಕಾಯಿಲೆಯ ನಿಜವಾದ ಗಾತ್ರ ಅವುಗಳಲ್ಲೇ ಕಾಣುತ್ತದೆ. ಕೆಂಪು ಕಣಗಳ 31 ಅನ್ನುವುದು ಒಡೆದು ಹೋದದ್ದು ಹೋಗಿ ಉಳಿದವುಗಳ ಲೆಕ್ಕ. ಅದರ ಮೇಲೆ ಮೂರು ವಾರದ ಹಿಂದೆ ಹಾಕಿಸಿಕೊಂಡ ಬೇರೆಯವರ ರಕ್ತ ಬೇರೆ ಸೇರಿದೆ. ಕೆಂಪು ಕಣ ಮಾತ್ರ ನೋಡಿ "ಮೂರನೇ ಒಂದು ಭಾಗ ಅಷ್ಟೇ" ಅಂದುಕೊಂಡರೆ ಕಾಯಿಲೆಯನ್ನು ಕೀಳಂದಾಜು ಮಾಡಿದ ಹಾಗೆ. ಈ 88 ಮತ್ತು 31ರ ಅಂತರವನ್ನು ನೆನಪಿಟ್ಟುಕೊಳ್ಳಿ, ಚಿಕಿತ್ಸೆ ಎಷ್ಟು ನಾಟಿದೆ ಅಂತ ಮುಂದೆ ಅದೇ ತೋರಿಸುತ್ತದೆ.

ಎರಡು ಕಡೆ ತಡೆ

ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿ ಸದಾ ಓಡಾಡುವ ಪ್ರೋಟೀನ್‌ಗಳ ಸರಣಿ. ಬ್ಯಾಕ್ಟೀರಿಯಾ ಕೊಲ್ಲುವುದು ಅದರ ಕೆಲಸ. ಅದರಲ್ಲಿ ಆಲ್ಟರ್ನೇಟಿವ್ ಪಾಥ್‌ವೇ ಅನ್ನುವ ದಾರಿಗೆ ಯಾರೂ ಕರೆ ಕೊಡಬೇಕಿಲ್ಲ. ಸಿ3 ಎಂಬ ಪ್ರೋಟೀನ್ ನೀರಿನ ಸಂಪರ್ಕದಲ್ಲೇ ಸ್ವಲ್ಪ ಸ್ವಲ್ಪ ತಾನಾಗಿ ಚುರುಕಾಗುತ್ತಿರುತ್ತದೆ. ಅದರಿಂದ ಹುಟ್ಟುವ ಸಿ3ಬಿ ತುಣುಕು ಪಕ್ಕದಲ್ಲಿ ಏನು ಸಿಕ್ಕರೂ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಆದರೂ ಸರಿ, ನಮ್ಮದೇ ಕೆಂಪು ಕಣ ಆದರೂ ಸರಿ. ಅಂಟಿದ ಸಿ3ಬಿಯ ಜೊತೆ ಫ್ಯಾಕ್ಟರ್ ಬಿ ಸೇರಿ, ಅದನ್ನು ಫ್ಯಾಕ್ಟರ್ ಡಿ ಕತ್ತರಿಸಿದರೆ, ಅಲ್ಲಿ ಒಂದು ಕತ್ತರಿ ತಯಾರು. ಆ ಕತ್ತರಿಗೆ ಸಿ3 ಕನ್ವರ್ಟೇಸ್ ಅಂತ ಹೆಸರು. ಅದು ಇನ್ನಷ್ಟು ಸಿ3 ಕತ್ತರಿಸುತ್ತದೆ, ಇನ್ನಷ್ಟು ಸಿ3ಬಿ ಅಂಟುತ್ತದೆ, ಇನ್ನಷ್ಟು ಕತ್ತರಿಗಳು ಹುಟ್ಟುತ್ತವೆ.

ಆರೋಗ್ಯವಂತ ಕಣದಲ್ಲಿ ಇದು ಇಲ್ಲೇ ನಿಲ್ಲುತ್ತದೆ. ಸಿಡಿ55 ಬಂದು ಆ ಕತ್ತರಿಯನ್ನು ಬಿಡಿಬಿಡಿ ಮಾಡುತ್ತದೆ. ಇದು ಮೊದಲ ತಡೆ.

ತಡೆ ಇಲ್ಲದಿದ್ದರೆ ಸರಣಿ ಸಿ5ಕ್ಕೆ ಹೋಗುತ್ತದೆ. ಸಿ5 ಕತ್ತರಿಸಿದ ಮೇಲೆ ಅದರ ಒಂದು ತುಣುಕಿಗೆ ಸಿ6, ಸಿ7, ಸಿ8 ಸೇರಿಕೊಂಡು ಕಣದ ಗೋಡೆಗೆ ನಾಟುತ್ತವೆ. ಆಮೇಲೆ ಸಿ9 ಅಣುಗಳು ಹತ್ತಾರು ಬಂದು ಉಂಗುರದ ಹಾಗೆ ಸುತ್ತ ನಿಂತು ಗೋಡೆಯಲ್ಲಿ ರಂಧ್ರ ಕೊರೆಯುತ್ತವೆ. ಸಿಡಿ59 ಇದ್ದರೆ ಸಿ8, ಸಿ9ಕ್ಕೆ ಅಂಟಿಕೊಂಡು ಆ ಉಂಗುರ ಪೂರ್ತಿಯಾಗಲು ಬಿಡುವುದಿಲ್ಲ. ಇದು ಕೊನೆಯ ತಡೆ. ಅದೂ ಇಲ್ಲ ಅಂದರೆ ರಂಧ್ರದಿಂದ ನೀರು ನುಗ್ಗಿ ಕಣ ಊದಿ ಒಡೆಯುತ್ತದೆ. ಬೇರೆ ಕೋಶಗಳಾದರೆ ತೂತಾದ ಗೋಡೆಯ ಭಾಗವನ್ನು ಕಳಚಿ ಬಚಾವಾಗಬಹುದು. ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲ, ದುರಸ್ತಿಯ ಶಕ್ತಿಯೂ ಕಡಿಮೆ.

ಎರಡರಲ್ಲಿ ಯಾವುದು ಮುಖ್ಯ? ಇದಕ್ಕೆ ಪ್ರಕೃತಿಯೇ ಉತ್ತರ ಕೊಟ್ಟಿದೆ. ಹುಟ್ಟಿನಿಂದಲೇ ಸಿಡಿ55 ಮಾತ್ರ ಇಲ್ಲದ ಜನರು ಅಪರೂಪಕ್ಕೆ ಇದ್ದಾರೆ. ಅವರಿಗೆ ಪಿಎನ್‌ಎಚ್ ಥರ ಕಣ ಒಡೆಯುವುದಿಲ್ಲ. ಸಿಡಿ59 ಮಾತ್ರ ಇಲ್ಲದವರಲ್ಲಿ ಒಡೆಯುತ್ತದೆ. ಹಾಗಾಗಿ ಪಿಎನ್‌ಎಚ್‌ನಲ್ಲಿ ಕಣ ಸಿಡಿಯಲು ಮುಖ್ಯ ಕಾರಣ ಸಿಡಿ59 ಇಲ್ಲದಿರುವುದೇ ಅಂತ ಬಹಳ ಕಾಲ ಸಿಡಿ55ರ ಕಡೆ ಯಾರೂ ಜಾಸ್ತಿ ಗಮನ ಕೊಡಲಿಲ್ಲ. ನ್ಯಾಯವೇ, ಆದರೆ ಅರ್ಧ ಕಥೆ.

ಒಡೆದ ಕಣದಿಂದ ಹೊರಬಿದ್ದ ಹಿಮೋಗ್ಲೋಬಿನ್ ಸುಮ್ಮನಿರುವುದಿಲ್ಲ. ರಕ್ತನಾಳ, ಅನ್ನನಾಳ, ಕರುಳುಗಳ ಸ್ನಾಯುವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಅದು ಹೀರಿಬಿಡುತ್ತದೆ. ಆಕೆಯ ಹೊಟ್ಟೆ ನೋವಿಗೂ ನುಂಗಲು ಕಷ್ಟವಾಗುವುದಕ್ಕೂ ಅದೇ ಕಾರಣ ಇರಬಹುದು. ಆದರೆ ಹಾಗಂತ ಬಿಟ್ಟುಬಿಡುವಂತಿಲ್ಲ. ಚಿಕಿತ್ಸೆ ಇಲ್ಲದ ಪಿಎನ್‌ಎಚ್‌ನಲ್ಲಿ ಜೀವ ತೆಗೆಯುವುದು ರಕ್ತಹೀನತೆಗಿಂತ ಹೆಚ್ಚಾಗಿ ರಕ್ತ ಹೆಪ್ಪುಗಟ್ಟುವುದು, ಅದರಲ್ಲೂ ಲಿವರಿನ ರಕ್ತನಾಳಗಳಂಥ ವಿಚಿತ್ರ ಜಾಗಗಳಲ್ಲಿ. ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ನಾಳಗಳು ತೆರೆದೇ ಇದ್ದವು.

ಸಿ5 ಮುಚ್ಚಿದ ಮೇಲೆ

ಶುರುಮಾಡಿದ ಔಷಧ ಎಕುಲಿಜುಮಾಬ್. ಪಿಎನ್‌ಎಚ್‌ಗೆ 2007ರಲ್ಲಿ ಅನುಮತಿ ಸಿಕ್ಕಿದ್ದು, ಸಿ5ಕ್ಕೆ ಅಂಟಿಕೊಂಡು ಅದು ಕತ್ತರಿಸದಂತೆ ತಡೆಯುವ ಪ್ರತಿಕಾಯ. ರಂಧ್ರ ಕೊರೆಯುವ ತಂಡಕ್ಕೆ ಮೊದಲ ಸದಸ್ಯನೇ ಸಿಗದ ಹಾಗೆ. ಇದರಲ್ಲಿ ಒಂದು ಅಪಾಯವಿದೆ. ಮೆನಿಂಗೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲಲು ದೇಹಕ್ಕೆ ಅದೇ ರಂಧ್ರ ಬೇಕು. ಹಾಗಾಗಿ ಔಷಧಕ್ಕೆ ಎರಡು ವಾರ ಮೊದಲೇ ಮೆನಿಂಗೋಕಾಕಸ್ ಲಸಿಕೆಗಳು, ಜೊತೆಗೆ ಪೆನಿಸಿಲಿನ್ ಮಾತ್ರೆ. ಆಮೇಲೆ ವಾರಕ್ಕೊಮ್ಮೆ 600 ಮಿಲಿಗ್ರಾಂ ನಾಲ್ಕು ಸಲ, ಐದನೇ ವಾರ 900, ನಂತರ ಎರಡು ವಾರಕ್ಕೊಮ್ಮೆ 900.

ಮೂರನೇ ವಾರಕ್ಕೆ ಎಲ್‌ಡಿಎಚ್ 2,150ರಿಂದ 290ಕ್ಕೆ ಬಂತು. ಮೂತ್ರ ತಿಳಿಯಾಯಿತು. ಹೊಟ್ಟೆ ನೋವು ಹೋಯಿತು, ಊಟ ಸಲೀಸಾಗಿ ಇಳಿಯತೊಡಗಿತು. ಎಲ್ಲರಿಗೂ ಖುಷಿ. ಆದರೆ ಆರು ತಿಂಗಳಾದರೂ ಹಿಮೋಗ್ಲೋಬಿನ್ 9.1 ದಾಟಲಿಲ್ಲ. ರಕ್ತ ಹಾಕಿಸುವುದು ತಪ್ಪಿತು, ಸುಸ್ತು ಮಾತ್ರ ತಪ್ಪಲಿಲ್ಲ.

ಇಂಥ ಹೊತ್ತಿನಲ್ಲಿ "ಔಷಧ ಸಾಲುತ್ತಿಲ್ಲ, ಜಾಸ್ತಿ ಮಾಡೋಣ" ಅನ್ನುವುದು ಸುಲಭ. ಆದರೆ ಅಂಕಿಗಳನ್ನು ಒಂದೊಂದಾಗಿ ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಔಷಧ ಕಡಿಮೆಯಾಗಿದ್ದರೆ ಮುಂದಿನ ಡೋಸಿಗೆ ಒಂದೆರಡು ದಿನ ಮೊದಲು ಎಲ್‌ಡಿಎಚ್ ಜಿಗಿಯಬೇಕು, ಮೂತ್ರ ಕಪ್ಪಾಗಬೇಕು. ಡೋಸಿನ ಹಿಂದಿನ ದಿನವೇ ತೆಗೆದ ರಕ್ತದಲ್ಲೂ ಎಲ್‌ಡಿಎಚ್ 280. ಕಾಂಪ್ಲಿಮೆಂಟಿನ ಒಟ್ಟು ಕೆಲಸ ಅಳೆಯುವ ಸಿಎಚ್50 ಪರೀಕ್ಷೆ ಪೂರ್ತಿ ಅಡಗಿತ್ತು. ಜಪಾನಿನ ಕೆಲವರಲ್ಲಿ ಸಿ5ರ ರಚನೆಯೇ ಸ್ವಲ್ಪ ಬೇರೆ ಇದ್ದು ಎಕುಲಿಜುಮಾಬ್ ಅಂಟುವುದೇ ಇಲ್ಲ ಅಂತ 2014ರಲ್ಲಿ ವರದಿಯಾಗಿತ್ತು, ಆದರೆ ಅಂಥವರಲ್ಲಿ ಎಲ್‌ಡಿಎಚ್ ಇಳಿಯುವುದೂ ಇಲ್ಲ. ಮಜ್ಜೆ ಸೋತಿದ್ದರೆ ರೆಟಿಕ್ಯುಲೋಸೈಟ್ ಕಡಿಮೆಯಾಗಬೇಕಿತ್ತು. ಅದು 2,10,000, ಮೊದಲಿಗಿಂತ ಜಾಸ್ತಿ. ಫೋಲೇಟ್, ಬಿ12 ಸರಿಯಾಗಿದ್ದವು.

ಅಂದರೆ ಮಜ್ಜೆ ಕಣಗಳನ್ನು ತಯಾರಿಸುತ್ತಲೇ ಇದೆ, ಅವು ಎಲ್ಲೋ ಕಳೆದುಹೋಗುತ್ತಲೇ ಇವೆ, ಆದರೆ ರಕ್ತನಾಳದ ಒಳಗಲ್ಲ. ಹಿಮೋಗ್ಲೋಬಿನ್ ಕರಗಿ ಬರುವ ಹಳದಿ ವಸ್ತು ಬಿಲಿರುಬಿನ್ 1.9, ಕಣ್ಣು ಸ್ವಲ್ಪ ಹಳದಿ. ಫೆರಿಟಿನ್ 6 ಇದ್ದದ್ದು ಈಗ 210. ಕಬ್ಬಿಣ ಇನ್ನು ಹೊರಗೆ ಹೋಗುತ್ತಿಲ್ಲ, ಒಳಗೇ ಉಳಿಯುತ್ತಿದೆ.

ಕೂಂಬ್ಸ್ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಮೊದಲು ನೆಗೆಟಿವ್ ಇದ್ದದ್ದು ಈಗ ಪಾಸಿಟಿವ್. ಇಲ್ಲಿ ಎಡವುವುದು ಸುಲಭ. ಕೂಂಬ್ಸ್ ಪಾಸಿಟಿವ್ ಅಂದ ಕೂಡಲೇ ಆಟೋಇಮ್ಯೂನ್ ಅನೀಮಿಯಾ ಶುರುವಾಗಿದೆ ಅಂತ ಸ್ಟಿರಾಯ್ಡ್ ಬರೆದುಬಿಡಬಹುದು. ಅದಕ್ಕೆ ಯಾವುದಕ್ಕೆ ಪಾಸಿಟಿವ್ ಅಂತ ಬಿಡಿಸಿ ನೋಡಬೇಕು. ಐಜಿಜಿ ಪ್ರತಿಕಾಯಕ್ಕೆ ನೆಗೆಟಿವ್, ಸಿ3ಡಿಗೆ ಪಾಸಿಟಿವ್. ಕಣಗಳ ಮೇಲೆ ಪ್ರತಿಕಾಯ ಇಲ್ಲ, ಸಿ3ರ ತುಣುಕುಗಳಿವೆ.

ಸಿಡಿ55ರ ಗೈರುಹಾಜರಿ ಈಗ ಕಣ್ಣಿಗೆ ಬಿತ್ತು. ಎಕುಲಿಜುಮಾಬ್ ನಿಂತಿರುವುದು ಸಿ5 ಹತ್ತಿರ, ಅಂದರೆ ಸಿಡಿ59 ಮಾಡಬೇಕಿದ್ದ ಕೆಲಸಕ್ಕೆ ಬದಲಿಯಾಗಿ. ಅದರ ಮೇಲಿನ ಹಂತದಲ್ಲಿ, ಸಿ3 ಹತ್ತಿರ, ಯಾರೂ ಇಲ್ಲ. ಸಿಡಿ55 ಇಲ್ಲದ ಕಣದ ಮೇಲೆ ಕತ್ತರಿಗಳು ಹುಟ್ಟುತ್ತಲೇ ಇರುತ್ತವೆ, ಸಿ3ಬಿ ಅಂಟುತ್ತಲೇ ಇರುತ್ತದೆ. ರಂಧ್ರ ಆಗುವುದಿಲ್ಲ ನಿಜ, ಆದರೆ ಸಿ3 ತುಣುಕು ಮೆತ್ತಿಕೊಂಡ ಕಣ ಲಿವರ್ ಮತ್ತು ಗುಲ್ಮದಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳ ಕಣ್ಣಿಗೆ ಬ್ಯಾಕ್ಟೀರಿಯಾ ಥರವೇ ಕಾಣುತ್ತದೆ. ಅವು ಹಿಡಿದು ನುಂಗುತ್ತವೆ.

ಹಾಗಾದರೆ ಚಿಕಿತ್ಸೆಗೆ ಮೊದಲು ಈ ನುಂಗುವಿಕೆ ಯಾಕೆ ಕಾಣಲಿಲ್ಲ, ಕೂಂಬ್ಸ್ ಯಾಕೆ ನೆಗೆಟಿವ್ ಇತ್ತು? ಆಗ ಸಿ3 ಮೆತ್ತಿಕೊಂಡ ಕಣ ಮ್ಯಾಕ್ರೋಫೇಜ್ ಹತ್ತಿರ ಹೋಗುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ, ಅದಕ್ಕೂ ಮೊದಲೇ ಸಿಡಿದು ಹೋಗುತ್ತಿತ್ತು. ಪರೀಕ್ಷೆಗೆ ಸಿಗಬೇಕಾದ ಕಣಗಳೇ ಟ್ಯೂಬಿನಲ್ಲಿ ಇರುತ್ತಿರಲಿಲ್ಲ. ಔಷಧ ಅವನ್ನು ಬದುಕಿಸಿದ್ದರಿಂದಲೇ ಅವು ಸಿಕ್ಕವು. ಫ್ಲೋ ಸೈಟೋಮೆಟ್ರಿಯೂ ಇದನ್ನೇ ಹೇಳಿತು. ಸಿಡಿ59 ಇಲ್ಲದ ಕೆಂಪು ಕಣ 31ರಿಂದ 62 ಶೇಕಡಾಗೆ ಏರಿತ್ತು. ವರದಿ ನೋಡಿ ಆಕೆ ಗಾಬರಿಯಾದರು, ಕಾಯಿಲೆ ಎರಡು ಪಟ್ಟಾಯಿತಾ ಅಂತ. ಇಲ್ಲ, ಉಳಿದುಕೊಳ್ಳುವ ಕಣಗಳು ಎರಡು ಪಟ್ಟಾದವು. ನ್ಯೂಟ್ರೋಫಿಲ್ ಲೆಕ್ಕ 88ರಲ್ಲೇ ಇತ್ತು.

ಒಂದು ಹೆಜ್ಜೆ ಮೇಲಕ್ಕೆ

ಸಮಸ್ಯೆ ಸಿ3 ಹಂತದಲ್ಲಿದೆ ಅಂದಮೇಲೆ ಔಷಧವೂ ಅಲ್ಲೇ ಕೆಲಸ ಮಾಡಬೇಕು. ಈಗ ಇದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ನೇರವಾಗಿ ಸಿ3ಕ್ಕೆ ಅಂಟುವ ಪೆಗ್ಸೆಟಕೋಪ್ಲಾನ್ 2021ರಲ್ಲಿ ಬಂತು, ವಾರಕ್ಕೆ ಎರಡು ಸಲ ಚರ್ಮದಡಿಗೆ ಹಾಕಿಕೊಳ್ಳುವಂಥದ್ದು. ಫ್ಯಾಕ್ಟರ್ ಬಿಯನ್ನು ತಡೆಯುವ ಇಪ್ಟಕೋಪ್ಯಾನ್ 2023ರ ಕೊನೆಗೆ ಬಂತು, ಅದು ಮಾತ್ರೆ. ಫ್ಯಾಕ್ಟರ್ ಡಿಯನ್ನು ತಡೆಯುವ ಡಾನಿಕೋಪ್ಯಾನ್ ಕೂಡ ಇದೆ, ಅದನ್ನು ಸಿ5 ಔಷಧದ ಜೊತೆ ಸೇರಿಸಿ ಕೊಡುತ್ತಾರೆ. ಆಕೆಗೆ ಆರಿಸಿದ್ದು ಇಪ್ಟಕೋಪ್ಯಾನ್, 200 ಮಿಲಿಗ್ರಾಂ ದಿನಕ್ಕೆ ಎರಡು ಸಲ. ನ್ಯುಮೋಕಾಕಸ್, ಹಿಮೋಫಿಲಸ್ ಲಸಿಕೆಗಳನ್ನೂ ಸೇರಿಸಿದರು. ಎಕುಲಿಜುಮಾಬ್‌ನ ಕೊನೆಯ ಡೋಸ್ ಆದ ಒಂದು ವಾರದೊಳಗೆ ಮಾತ್ರೆ ಶುರುವಾಯಿತು. ನಡುವೆ ಖಾಲಿ ಬಿಡುವಂತಿಲ್ಲ.

ಹನ್ನೆರಡು ವಾರಕ್ಕೆ ಹಿಮೋಗ್ಲೋಬಿನ್ 12.4. ರೆಟಿಕ್ಯುಲೋಸೈಟ್ 75,000ಕ್ಕೆ ಇಳಿಯಿತು, ಮಜ್ಜೆಗೆ ಇನ್ನು ಅಷ್ಟು ಆತುರ ಬೇಕಿರಲಿಲ್ಲ. ಬಿಲಿರುಬಿನ್ 0.7. ಸಿ3ಡಿ ಕೂಂಬ್ಸ್ ನೆಗೆಟಿವ್. ಸಿಡಿ59 ಇಲ್ಲದ ಕೆಂಪು ಕಣಗಳು 85 ಶೇಕಡಾ. ನ್ಯೂಟ್ರೋಫಿಲ್‌ಗಳ 88ಕ್ಕೆ ಹತ್ತಿರ ಹತ್ತಿರ. ಆ ಅಂತರ ಮುಚ್ಚಿಕೊಂಡಿದೆ ಅಂದರೆ, ಮಜ್ಜೆಯಿಂದ ಹೊರಟ ಕೆಟ್ಟ ಕಣಗಳು ಒಳ್ಳೆಯ ಕಣಗಳಷ್ಟೇ ಕಾಲ ಬದುಕುತ್ತಿವೆ ಅಂತ ಅರ್ಥ.

ಇಲ್ಲೊಂದು ಲೆಕ್ಕ ಹಾಕಬೇಕು. ರೋಗ ಪತ್ತೆಯಾದ ದಿನ ಹಿಮೋಗ್ಲೋಬಿನ್ 7.4, ಅದರಲ್ಲಿ 31 ಶೇಕಡಾ ಅಂದರೆ 2.3 ಗ್ರಾಂ ಮಾತ್ರ ರಕ್ಷಣೆ ಇಲ್ಲದ ಕಣಗಳಲ್ಲಿತ್ತು. ಈಗ 12.4ರಲ್ಲಿ 85 ಶೇಕಡಾ, 10.5 ಗ್ರಾಂ. ಆಕೆ ಚೆನ್ನಾಗಿದ್ದಾರೆ, ಆದರೆ ಆ ಚೆನ್ನಾಗಿರುವಿಕೆ ಬಹುಪಾಲು ಮಾತ್ರೆಯ ಮೇಲೆ ನಿಂತಿದೆ. ಮಾತ್ರೆ ನಿಂತರೆ ಒಡೆಯಲು ಸಿದ್ಧವಾಗಿರುವ ಕಣಗಳು ಮೊದಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು.

ನಾಲ್ಕು ತಿಂಗಳ ನಂತರ ಇದು ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ಜ್ವರ, ವಾಂತಿ. ಎರಡು ದಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೇ ದಿನ ಮೂತ್ರ ಕಪ್ಪು. ಎರಡು ಕಾರಣ ಒಟ್ಟಿಗೆ ಸೇರಿದ್ದವು. ಔಷಧ ಇಳಿದಿತ್ತು, ಸೋಂಕು ಕಾಂಪ್ಲಿಮೆಂಟನ್ನು ಇನ್ನಷ್ಟು ಕೆರಳಿಸಿತ್ತು. ಹಿಮೋಗ್ಲೋಬಿನ್ 9.6, ಎಲ್‌ಡಿಎಚ್ 1,140. ಸಿಡಿ59 ಇಲ್ಲದ ಕೆಂಪು ಕಣ 80 ಶೇಕಡಾ. ಈ 80 ಎಲ್ಲಿಂದ ಬಂತು ನೋಡಿ. ಮೊದಲು 10.5 ಗ್ರಾಂ ಕೆಟ್ಟ ಕಣಗಳಲ್ಲಿ, 1.9 ಒಳ್ಳೆಯವುಗಳಲ್ಲಿ ಇತ್ತು. ಕಳೆದುಹೋದ 2.8 ಗ್ರಾಂ ಪೂರ್ತಿ ಕೆಟ್ಟ ಕಣಗಳದ್ದೇ ಅಂದುಕೊಂಡರೆ ಉಳಿಯುವುದು 7.7 ಮತ್ತು 1.9. 9.6ರಲ್ಲಿ 7.7 ಅಂದರೆ 80 ಶೇಕಡಾ. ಒಡೆದದ್ದು ಯಾರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಜ್ವರ ಬಂದಿರುವುದು ಕಾಂಪ್ಲಿಮೆಂಟ್ ಔಷಧದಲ್ಲಿರುವ ರೋಗಿಗೆ. ಲಸಿಕೆ ಹಾಕಿಸಿದ್ದರೂ ಮೆನಿಂಗೋಕಾಕಸ್ ಅಲ್ಲ ಅಂತ ಖಾತ್ರಿಯಾಗುವವರೆಗೆ ಅದೇ ಇರಬಹುದು ಅಂದುಕೊಂಡೇ ನಡೆಯಬೇಕು. ಬ್ಲಡ್ ಕಲ್ಚರ್ ತೆಗೆದ ಕೂಡಲೇ ಸೆಫ್ಟ್ರಯಾಕ್ಸೋನ್ ಹಾಕಿದರು, ಫಲಿತಾಂಶಕ್ಕೆ ಕಾಯಲಿಲ್ಲ. ವಾಂತಿ ನಿಲ್ಲಿಸಿ ಮಾತ್ರೆ ಮತ್ತೆ ಶುರುಮಾಡಿದರು. ಕಣ ಒಡೆಯುವ ದಿನಗಳಲ್ಲಿ ಹೆಪ್ಪುಗಟ್ಟುವ ಭಯ ಇರುವುದರಿಂದ ಪ್ಲೇಟ್‌ಲೆಟ್ ನೋಡಿಕೊಂಡು ಹೆಪಾರಿನ್, ಕಿಡ್ನಿಗಾಗಿ ಡ್ರಿಪ್. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಹತ್ತು ದಿನಕ್ಕೆ ಎಲ್‌ಡಿಎಚ್ 260, ಐದು ವಾರಕ್ಕೆ ಹಿಮೋಗ್ಲೋಬಿನ್ ಮತ್ತೆ 12ರ ಹತ್ತಿರ. ಜ್ವರ ಬಂದರೆ ಮನೆಯಲ್ಲಿ ಕಾಯದೆ ನೇರ ಬರಬೇಕು, ಒಂದು ದಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಫೋನ್ ಮಾಡಬೇಕು ಅಂತ ಆಕೆಯ ಕಾರ್ಡಿನ ಮೇಲೆ ಬರೆದುಕೊಟ್ಟರು.

ಈ ಇಡೀ ಕಾಲದಲ್ಲಿ ಅಲುಗಾಡದೆ ನಿಂತ ಅಂಕಿ ಒಂದೇ, ನ್ಯೂಟ್ರೋಫಿಲ್‌ಗಳ 88. ಎರಡು ಔಷಧಗಳೂ ಕೆಟ್ಟ ಕಾಂಡಕೋಶವನ್ನು ಮುಟ್ಟುವುದಿಲ್ಲ. ಅದನ್ನು ತೆಗೆಯಲು ಇರುವುದು ಮಜ್ಜೆ ಕಸಿ ಒಂದೇ. ಅದರ ಅಪಾಯ, ಸದ್ಯಕ್ಕೆ ಮಾತ್ರೆಯಲ್ಲಿ ಚೆನ್ನಾಗಿರುವ ಆಕೆಯ ಕಾಯಿಲೆಯ ಅಪಾಯಕ್ಕಿಂತ ದೊಡ್ಡದು. ಹಾಗಾಗಿ ಆರು ತಿಂಗಳಿಗೊಮ್ಮೆ ಆ 88ನ್ನು, ಅದರ ಜೊತೆ ಪ್ಲೇಟ್‌ಲೆಟ್ ಮತ್ತು ನ್ಯೂಟ್ರೋಫಿಲ್ ಎಣಿಕೆಯನ್ನು ನೋಡುತ್ತಾರೆ. ಎಲ್‌ಡಿಎಚ್ ಸರಿಯಿದ್ದು ಆ ಎಣಿಕೆಗಳು ಕುಸಿಯತೊಡಗಿದರೆ ಆಗ ಸಮಸ್ಯೆ ಕಾಂಪ್ಲಿಮೆಂಟ್‌ನದ್ದಲ್ಲ, ಮಜ್ಜೆಯದ್ದು. ಕಸಿಯ ಮಾತು ಆಗ ಮತ್ತೆ ಬರುತ್ತದೆ.